ಹನಿ ನೀರಾವರಿ ಸಬ್ಸಿಡಿ: ಉತಾರ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದರೆ

ಪ್ರಶ್ನೆ: "ಅಣ್ಣಾರ, ಕಬ್ಬಿಗೆ ಡ್ರಿಪ್ ಹಾಕಿಸ್ಬೇಕು ಅಂತೀನ್ರಿ. ನಮ್ಮದು ಜಮಖಂಡಿ ತಾಲೂಕು, 6 ಎಕರೆ 20 ಗುಂಟೆ, ಎಲ್ಲಾ ಒಂದೇ ಸರ್ವೆ ನಂಬರ್. ಉತಾರ, ಪಹಣಿ ಅಂತಾರಲ್ರಿ ಅದು, ಅಪ್ಪನ ಹೆಸರಲ್ಲೇ ಐತಿ, ಅವರು ತೀರಿ ಎರಡು ವರ್ಷ ಆತು. ನಾವು ಇಬ್ಬರು ಅಣ್ತಮ್ಮ, ಒಬ್ಬಾಕಿ ತಂಗಿ, ಲಗ್ನ ಆಗೇತಿ. ಸುತ್ತೋಲೆ ಫೋಟೋ ಹಾಕೀನಿ, 'ಘಟಕ ವೆಚ್ಚಕ್ಕೆ ಒಳಪಟ್ಟು' ಅಂದ್ರ ಏನ್ರಿ? 'ಜಂಟಿ ಖಾತೆದಾರರ ಒಪ್ಪಿಗೆ' ಅಂದ್ರ ಯಾರ್ದು? ಡೀಲರ್ ನಾಳೇನ ಪೈಪ್ ಇಳಿಸ್ತೀನಿ ಅಂತಾನ."

ಮೊದಲು ಡೀಲರ್‌ಗೆ ಫೋನ್ ಮಾಡಿ, ಪೈಪ್ ಇಳಿಸಬೇಡ ಅಂತ ಹೇಳಿ. ಉಳಿದದ್ದು ನಿಧಾನಕ್ಕೆ ಓದಿ.

ನಾಲ್ಕು ವರ್ಷದ ಹಿಂದೆ ನಾನೂ ಇದೇ ತಪ್ಪು ಮಾಡಿದೆ. "ಕಾಗದ ಆಮೇಲೆ ನೋಡೋಣ, ಮೊದಲು ಹಾಸೋಣ" ಅಂದ ಒಬ್ಬ ಡೀಲರ್ ಮಾತು ಕೇಳಿ ಎರಡು ಎಕರೆಗೆ ಲ್ಯಾಟರಲ್, ಅಂದರೆ ಸಾಲಿನುದ್ದಕ್ಕೂ ಹನಿ ಬಿಡುವ ಸಣ್ಣ ಪೈಪ್, ಎಳೆಸಿದೆ. ಆಮೇಲೆ ಅರ್ಜಿ ಹಾಕಿದಾಗ ಪರಿಶೀಲನೆಗೆ ಬಂದವರು ಹೊಲದಲ್ಲಿ ಹಳೇ ಪೈಪ್ ನೋಡಿ ಹಂಗೇ ವಾಪಸ್ ಹೋದರು. ಅರ್ಜಿ, ಜಾಗದ ಪರಿಶೀಲನೆ, ಕಾರ್ಯಾದೇಶ, ಆಮೇಲೆ ಪೈಪ್, ಆಮೇಲೆ ಮತ್ತೆ ಪರಿಶೀಲನೆ. ಈ ಸಾಲು ಒಂದು ಹೆಜ್ಜೆ ತಪ್ಪಿದರೂ ದುಡ್ಡು ಬರುವುದಿಲ್ಲ. ಕಾರ್ಯಾದೇಶದ ತಾರೀಖಿಗಿಂತ ಬಿಲ್ ತಾರೀಖು ಹಿಂದಿನದಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಘಟಕ ವೆಚ್ಚದ ಮಾತು. ಇದೇ ಪ್ರಶ್ನೆಗೆ ಒಬ್ಬ ಅಣ್ಣ "90% ಸಬ್ಸಿಡಿ, ನೀನು ಕೊಡೋದು ಬರೀ 10%" ಅಂತ ಉತ್ತರ ಬರೆದಿದ್ದಾರೆ, ಅದು ಅರ್ಧ ಸರಿ. ಆ 90% ಡೀಲರ್ ಬಿಲ್ಲಿನ ಮೇಲೆ ಅಲ್ಲ, ಸರ್ಕಾರ ಸಾಲಿನ ಅಂತರ ನೋಡಿ ಇಷ್ಟು ಎಕರೆಗೆ ಇಷ್ಟು ಅಂತ ಕಟ್ಟಿರುವ ದರದ ಮೇಲೆ. ಲೆಕ್ಕಕ್ಕೆ ಹೇಳ್ತೀನಿ: ಸರ್ಕಾರದ ದರ 1,00,000 ಆದರೆ, ಡೀಲರ್ 1,25,000 ಬಿಲ್ ಮಾಡಿದರೆ, ಸಬ್ಸಿಡಿ 90,000ಕ್ಕೆ ನಿಂತುಬಿಡುತ್ತದೆ. ನಿಮ್ಮ ಕೈಯಿಂದ ಹೋಗುವುದು 10,000 ಅಲ್ಲ, 35,000. ಸಾಲಿನ ಅಂತರ ಕಡಿಮೆ ಆದಷ್ಟೂ ಲ್ಯಾಟರಲ್ ಜಾಸ್ತಿ ಬೇಕು, ದರವೂ ಏರುತ್ತದೆ. ಅದಕ್ಕೇ ಕೊಟೇಷನ್‌ನಲ್ಲಿ ಬರೆದ ಅಂತರವೇ ಹೊಲದಲ್ಲೂ ಇರಬೇಕು. ಮೀಟರ್ ಟೇಪ್ ಹಿಡಿದು ಬರುತ್ತಾರೆ, ಸುಮ್ನೆ ನೋಡಿ ಹೋಗಲ್ಲ.

ಇನ್ನೊಂದು, 90% ನಿಮ್ಮ ಪೂರ್ತಿ ಹೊಲಕ್ಕೂ ಸಿಗಲ್ಲ. ನಮ್ಮ ರಾಜ್ಯದಲ್ಲಿ 2 ಹೆಕ್ಟೇರ್‌ವರೆಗೆ 90%, ಅದರ ಮೇಲೆ 5 ಹೆಕ್ಟೇರ್‌ವರೆಗೆ 45%. 2 ಹೆಕ್ಟೇರ್ ಅಂದರೆ ಹೆಚ್ಚುಕಡಿಮೆ 4 ಎಕರೆ 38 ಗುಂಟೆ. ನಿಮ್ಮ 6 ಎಕರೆ 20 ಗುಂಟೆಯಲ್ಲಿ ಅಷ್ಟು ಕಳೆದರೆ 1 ಎಕರೆ 22 ಗುಂಟೆ ಉಳಿಯಿತು, ಅದಕ್ಕೆ 45%. ಆದರೆ ಇದು ಅಷ್ಟೂ ಹೊಲ ನಿಮ್ಮೊಬ್ಬರ ಹೆಸರಲ್ಲಿ ಇದ್ದರೆ ಮಾತ್ರ. ನಿಮ್ಮ ಗಂಟು ಇರುವುದೇ ಅಲ್ಲಿ.

ಅಪ್ಪನ ಹೆಸರಿನ ಉತಾರ ಹಿಡಿದು ಹೋದರೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ತಗೊಳ್ಳಲ್ಲ. ಅರ್ಜಿ ನಡೆಯುವುದು ಫ್ರೂಟ್ಸ್ ಅನ್ನುವ ಸರ್ಕಾರದ ರೈತರ ನೋಂದಣಿಯಲ್ಲಿ ಸಿಗುವ ನಂಬರ್ ಮೇಲೆ, ಅಂದರೆ ಎಫ್‌ಐಡಿ. ಅದಕ್ಕೆ ಆಧಾರ್ ಬೇಕು, ಆ ಆಧಾರ್‌ನವರ ಹೆಸರು ಉತಾರದ ಒಂಬತ್ತನೇ ಕಾಲಂನಲ್ಲಿ ಇರಬೇಕು. ತೀರಿದವರ ಎಫ್‌ಐಡಿ ಮೇಲೆ ಅರ್ಜಿ ಹಾಕಿಸಿಕೊಂಡವರನ್ನು ನೋಡಿದ್ದೇನೆ. ದುಡ್ಡು ಹಾಕುವ ಹೊತ್ತಿಗೆ ಬ್ಯಾಂಕ್ ಖಾತೆ ಬಂದ್ ಆಗಿತ್ತು, ವರ್ಷಗಟ್ಟಲೆ ಅಲೆದರು.

ಹಾಗಾಗಿ ಮೊದಲು ವಾರಸಾ ಮಾಡಿಸಿ, ಅಂದರೆ ಅಪ್ಪನ ಬದಲು ವಾರಸುದಾರರ ಹೆಸರು ಉತಾರಕ್ಕೆ ಏರಿಸಿ. ಮರಣ ಪ್ರಮಾಣ ಪತ್ರ, ವಂಶಾವಳಿ, ಎಲ್ಲರ ಆಧಾರ್ ಜೊತೆ ನಾಡಕಚೇರಿಗೆ ಅರ್ಜಿ. ತಲಾಟಿ ಪಂಚನಾಮೆ ಮಾಡುತ್ತಾರೆ, ತಕರಾರು ಇದ್ದರೆ ಹೇಳಲು ನೋಟಿಸ್ ಹೊರಡುತ್ತದೆ, ಅವಧಿ ಮುಗಿದ ಮೇಲೆ ಹೆಸರು ಏರುತ್ತದೆ. ತಂಗಿ ಹೆಸರು ಬಿಡಬೇಡಿ. ಲಗ್ನ ಆಗಿದ್ದರೂ ಆಕೆಗೆ ಹಕ್ಕಿದೆ. ಆಕೆ ಬೇಡ ಅಂದರೆ ಅದಕ್ಕೆ ಬೇರೆ ನೋಂದಣಿ ಪತ್ರ ಇದೆ, ವಂಶಾವಳಿಯಲ್ಲಿ ಮುಚ್ಚಿಡುವುದು ಅದಕ್ಕೆ ದಾರಿ ಅಲ್ಲ.

ವಾರಸಾ ಆದ ಮೇಲೆ ಒಂಬತ್ತನೇ ಕಾಲಂನಲ್ಲಿ ಮೂವರ ಹೆಸರು ಒಟ್ಟಿಗೆ ಬರುತ್ತವೆ, ಕ್ಷೇತ್ರ ಮಾತ್ರ ಒಂದೇ 6-20. ಸುತ್ತೋಲೆಯಲ್ಲಿ ಜಂಟಿ ಖಾತೆ ಅಂದಿರುವುದು ಇದನ್ನೇ. ಆಗ ನೀವು ಅರ್ಜಿದಾರ, ಅಣ್ಣ ಅಥವಾ ತಮ್ಮ ಮತ್ತು ತಂಗಿ ಇಬ್ಬರೂ ಛಾಪಾ ಕಾಗದದ ಮೇಲೆ "ಈ ಸರ್ವೆ ನಂಬರಿನಲ್ಲಿ ಇವರು ಡ್ರಿಪ್ ಸಬ್ಸಿಡಿ ಪಡೆಯಲು ನಮ್ಮ ತಕರಾರಿಲ್ಲ" ಅಂತ ನೋಟರಿ ಮಾಡಿಸಿ ಕೊಡಬೇಕು. ಸರ್ವೆ ನಂಬರ್ ಮತ್ತು ಎಕರೆ-ಗುಂಟೆ ಬರೆದಿರಲಿ. ಬರೀ "ನಮ್ಮ ಜಮೀನು" ಅಂತ ಬರೆದದ್ದನ್ನು ವಾಪಸ್ ಕಳಿಸಿದ್ದು ನೋಡಿದ್ದೇನೆ.

ಇಲ್ಲಿ ಒಂದು ಕಿರಿಕಿರಿ ಇದೆ. ಒಪ್ಪಿಗೆ ಕೊಟ್ಟರೆ ಪೂರ್ತಿ 6-20ಕ್ಕೆ ನಿಮಗೆ ಕೊಡ್ತಾರಾ, ಇಲ್ಲ ನಿಮ್ಮ ಮೂರನೇ ಒಂದು ಪಾಲಿಗೆ ಮಾತ್ರನಾ ಅನ್ನುವುದರಲ್ಲಿ ಎಲ್ಲ ಕಡೆ ಒಂದೇ ತರ ನಡೆಯುತ್ತಿಲ್ಲ. ನಮ್ಮ ಕಡೆ ಒಪ್ಪಿಗೆ ಪತ್ರಕ್ಕೆ ಒಪ್ಪಿದರು, ಪಕ್ಕದ ತಾಲೂಕಿನಲ್ಲಿ ನನ್ನ ಭಾವನಿಗೆ ವಾಟ್ನಿ ಪತ್ರವೇ, ಅಂದರೆ ಹೊಲ ಪಾಲು ಮಾಡಿಕೊಂಡ ಪತ್ರವೇ ಬೇಕು ಅಂದರು. ಛಾಪಾ ಕಾಗದಕ್ಕೆ ದುಡ್ಡು ಹಾಕುವ ಮೊದಲು ನಿಮ್ಮ ಹೋಬಳಿ ಕೇಂದ್ರದಲ್ಲಿ ಇದೊಂದನ್ನು ಕೇಳಿಬಿಡಿ. ವಾಟ್ನಿಗೇ ಹೋದರೆ ಪಾಲು ತೋರಿಸುವ 11ಇ ನಕ್ಷೆ, ಸರ್ವೆಯರ್, ನೋಂದಣಿ ಅಂತ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದರೆ ಆಮೇಲೆ ಮೂವರಿಗೂ ಬೇರೆ ಬೇರೆ ಉತಾರ, ಪ್ರತಿಯೊಬ್ಬರದೂ ಎರಡು ಎಕರೆ ಚಿಲ್ಲರೆ, ಎಲ್ಲರೂ 90%ದೊಳಗೇ ಬರುತ್ತೀರಿ. ಮನೆಯಲ್ಲಿ ಮಾತು ಸರಿ ಇದ್ದರೆ ನನಗೆ ಅದೇ ಲಾಭ ಅನ್ನಿಸುತ್ತದೆ.

ಅಪ್ಪ ಇದ್ದಾಗ ಇದೇ ಸರ್ವೆ ನಂಬರಿಗೆ ಡ್ರಿಪ್ ತಗೊಂಡಿದ್ದರಾ? ಏಳು ವರ್ಷ ಆಗದೆ ಅದೇ ಜಾಗಕ್ಕೆ ಮತ್ತೆ ಕೊಡಲ್ಲ, ಹೆಸರು ಬದಲಾದರೂ ಅಷ್ಟೇ.

ಉಳಿದ ಕಾಗದ ಸಲೀಸು: ಆಧಾರ್ ಜೋಡಿಸಿದ ಪಾಸ್‌ಬುಕ್, ಬೋರ್ ಇದ್ದರೆ ಅದರ ಕರೆಂಟಿನ ಹೆಸ್ಕಾಂ ಆರ್‌ಆರ್ ನಂಬರ್, ಎಸ್‌ಸಿ ಎಸ್‌ಟಿ ಆದರೆ ಜಾತಿ ಪ್ರಮಾಣ ಪತ್ರ. ಕರೆಂಟ್ ಅಪ್ಪನ ಹೆಸರಲ್ಲಿದ್ದರೆ ಅದನ್ನೂ ಈಗಲೇ ಬದಲಿಸಿ.

ನಡುವೆ ಇಂಡಿ ತಾಲೂಕಿನ ಕಾಕಾ ಒಬ್ಬರು ನಿಂಬೆಗೆ ಡ್ರಿಪ್ ಬಗ್ಗೆ ಕೇಳಿದ್ದರು. ಕಾಕಾ, ನಿಮ್ಮದು ತೋಟಗಾರಿಕೆ ಇಲಾಖೆ. ಕಬ್ಬಿನ ಅರ್ಜಿ ಕೃಷಿ ಇಲಾಖೆಗೆ, ನಿಂಬೆ, ದ್ರಾಕ್ಷಿ, ದಾಳಿಂಬೆ ಆ ಕಡೆ. ರೈತ ಸಂಪರ್ಕ ಕೇಂದ್ರದಲ್ಲಿ ಸಾಲು ನಿಂತರೆ ದಿನ ಹಾಳು.

ಕೊನೆಗೆ ತಂಗಿಯ ಆಧಾರ್ ಈಗಲೇ ತೆಗೆಸಿ ನೋಡಿ. ನಮ್ಮಲ್ಲಿ ಲಗ್ನ ಆದ ಮೇಲೆ ಅಡ್ಡಹೆಸರು ಗಂಡನ ಮನೆಯದಾಗಿರುತ್ತದೆ, ವಂಶಾವಳಿಯಲ್ಲಿ ತವರಿನದೇ ಬರೆಸಿಬಿಡುತ್ತಾರೆ. ಎರಡೂ ಕೂಡದೆ ಫ್ರೂಟ್ಸ್‌ನಲ್ಲಿ ನಿಂತುಹೋಗುತ್ತದೆ. ತಲಾಟಿಗೆ ಕಾಗದ ಕೊಡುವ ದಿನವೇ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಬರೆಸಿ, ನಿಮ್ಮದೂ ಅಷ್ಟೇ.