ವಿಮಾನದ ಪರದೆಗೆ ಲಂಡನ್ ಸಮಯ ಹೇಗೆ ಗೊತ್ತು?

ಬೆಂಗಳೂರಿಂದ ಲಂಡನ್ನಿಗೆ ಹೋಗುವಾಗ ಸೀಟಿನ ಮುಂದಿನ ಪರದೆ ಅಲ್ಲಿನ ಸಮಯ, ಹಾರಿದ ಸಮಯ ಎರಡನ್ನೂ ಹೇಗೆ ತೋರಿಸುತ್ತೆ?

ವಿಮಾನದ ವ್ಯವಸ್ಥೆಗಳು ಸಾಮಾನ್ಯವಾಗಿ ಓಡುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ. ಊರಿನ ಸಮಯ ಬೇಕಾದಾಗ ಆ ಊರಿನ ವ್ಯತ್ಯಾಸವನ್ನು ಕೂಡಿಸಿ ಅಥವಾ ಕಳೆದು ತೋರಿಸುತ್ತಾರೆ, ಅಷ್ಟೆ.

ನಮ್ಮ ಮಧ್ಯಾಹ್ನ 1:30ಕ್ಕೆ ವಿಮಾನ ನೆಲ ಬಿಟ್ಟಿತು ಅನ್ನಿ. ಆಗ ಯುಟಿಸಿ ಬೆಳಿಗ್ಗೆ 8:00. ನಾಲ್ಕು ಗಂಟೆ ಹಾರಿದ ಮೇಲೆ ಯುಟಿಸಿ 12:00, ನಿಮ್ಮ ಕೈಗಡಿಯಾರದಲ್ಲಿ ಸಂಜೆ 5:30. ಚಳಿಗಾಲವಾದರೆ ಪರದೆಯ ಲಂಡನ್ ಸಮಯವೂ 12:00. ಬೇಸಿಗೆಯಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ 1:00.

ಹಾರಿದ ಸಮಯಕ್ಕೆ ಊರಿನ ಹಂಗಿಲ್ಲ. ವಿಮಾನ ನೆಲ ಬಿಟ್ಟು ಚಕ್ರದ ಮೇಲಿನ ಭಾರ ಹೋದಾಗ ಸಿಗುವ ಸಂಕೇತದಿಂದ ಸಾಮಾನ್ಯವಾಗಿ ಎಣಿಕೆ ಶುರು. ಟಿಕೆಟ್ಟಿನ ಅವಧಿಯಲ್ಲಿ ರನ್‌ವೇವರೆಗೆ ತೆವಳುವ ಹೊತ್ತೂ ಸೇರಿರುತ್ತದೆ, ಹಾಗಾಗಿ ಎರಡೂ ತಾಳೆಯಾಗುವುದಿಲ್ಲ.