ಯಾವ ಬಾಕ್ಸಿಗೆ ಜನ ನಿಜಕ್ಕೂ ದುಡ್ಡು ಕೊಡುತ್ತಾರೆ?

ಪ್ರಶ್ನೆ: ಪ್ರತಿ ತಿಂಗಳು ಮನೆಗೆ ಕಳಿಸುವ ಚಂದಾ ಬಾಕ್ಸ್ ಶುರು ಮಾಡಬೇಕು. ಫಿಲ್ಟರ್ ಕಾಫಿ ಪುಡಿ, ಮಕ್ಕಳ ಕನ್ನಡ ಪುಸ್ತಕ, ಕುರುಕಲು ತಿಂಡಿ – ಯಾವುದು ಓಡುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?

ಮುಂಗಡ ಹಣ ಪಡೆದು ನೋಡಿ, ಆಮೇಲೆ ಎರಡನೇ ತಿಂಗಳು ಎಷ್ಟು ಜನ ಮತ್ತೆ ಕಟ್ಟುತ್ತಾರೆಂದು ಎಣಿಸಿ. "ಚೆನ್ನಾಗಿದೆ, ತಗೋತೀನಿ" ಎನ್ನಲು ಯಾರಿಗೂ ಖರ್ಚಿಲ್ಲ, ಹಾಗಾಗಿ ಅಭಿಪ್ರಾಯ ಕೇಳುವುದರಿಂದ ಹೆಚ್ಚು ತಿಳಿಯುವುದಿಲ್ಲ.

ಮೂರಕ್ಕೂ ಬೇರೆ ಬೇರೆ ಪುಟ ಮಾಡಿ. ಬೆಲೆ ಒಂದೇ ಇರಲಿ, ಜಾಹೀರಾತಿಗೂ ಸಮನಾಗಿ ಖರ್ಚು ಮಾಡಿ. ಬೆಲೆ ಬೇರೆಯಾದರೆ ಜನ ಆರಿಸಿದ್ದು ವಸ್ತುವನ್ನೋ ಅಗ್ಗವನ್ನೋ ಗೊತ್ತಾಗುವುದಿಲ್ಲ. ತಲಾ 25 ಬಾಕ್ಸ್ ಸಾಕು. ಅಷ್ಟು ಬುಕ್ ಆಗದಿದ್ದರೆ ಹಣ ವಾಪಸ್ ಎಂದು ಪುಟದಲ್ಲೇ ಬರೆದು, ಹಾಗೇ ನಡೆದುಕೊಳ್ಳಿ. ಪರಿಚಯದವರ ಆರ್ಡರನ್ನು ಲೆಕ್ಕದಿಂದ ಬಿಡಿ. ಅವರು ಕೊಳ್ಳುವುದು ನಿಮಗಾಗಿ.

ಎರಡನೇ ತಿಂಗಳು ಯಾಕೆ ಮುಖ್ಯ? ಬೆಲೆ 499 ರೂಪಾಯಿ, ಸಾಮಾನು, ಪ್ಯಾಕಿಂಗ್, ಕೊರಿಯರ್ ಸೇರಿ 340 ಎಂದಿಟ್ಟುಕೊಳ್ಳಿ. ಉಳಿಯುವುದು 159. ಒಬ್ಬ ಗ್ರಾಹಕರನ್ನು ಕರೆತರಲು ಜಾಹೀರಾತಿಗೆ 300 ಹೋಗಿದ್ದರೆ, ಅದು ವಾಪಸ್ ಬರುವುದೇ ಎರಡನೇ ಬಾಕ್ಸಿನಲ್ಲಿ. ಒಂದೇ ಬಾಕ್ಸಿಗೆ ನಿಲ್ಲಿಸಿದವರಿಂದ 141 ರೂಪಾಯಿ ನಷ್ಟ.

ತಿಂಡಿ ಬಾಕ್ಸ್ ಮೋಸ ಮಾಡುವುದು ಇಲ್ಲೇ. ಕುತೂಹಲಕ್ಕೆ ಮೊದಲ ತಿಂಗಳು ಬೇಗ ಮಾರಾಟವಾಗಬಹುದು, ಆದರೆ ಅದೇ ಚಕ್ಕುಲಿ ಬೀದಿ ಕೊನೆಯ ಅಂಗಡಿಯಲ್ಲೂ ಸಿಗುತ್ತದೆ. ಕಾಫಿ ಪುಡಿ ತಾನಾಗಿ ಮುಗಿಯುತ್ತದೆ, ಹಳೆಯದಾದರೆ ಘಮ ಹೋಗುತ್ತದೆ, ಆದ್ದರಿಂದ ಮತ್ತೆ ತರಿಸುವ ಕಾರಣ ಅದರೊಳಗೇ ಇದೆ. ಆದರೆ ಪ್ರಮಾಣ ಸರಿಯಿರಬೇಕು: ಇಬ್ಬರ ಮನೆಗೆ ತಿಂಗಳಿಗೆ ಒಂದು ಕಿಲೋ ಕಳಿಸಿದರೆ ಡಬ್ಬಿ ತುಂಬಿಯೇ ಇರುತ್ತದೆ, ಚಂದಾ ನಿಲ್ಲುತ್ತದೆ. ನಿಲ್ಲಿಸಿದವರಿಗೆಲ್ಲ ಫೋನ್ ಮಾಡಿ, "ಹಿಂದಿನದು ಇನ್ನೂ ಉಳಿದಿದೆಯಾ?" ಎಂದು ಮೊದಲು ಕೇಳಿ.