11 ತಂಡಗಳ ನಾಕೌಟ್: ಬಲಿಷ್ಠ ತಂಡಗಳನ್ನು ದೂರ ಇಡುವುದು ಹೇಗೆ?

ಪ್ರಶ್ನೆ: ಊರ ಕಬಡ್ಡಿ ನಾಕೌಟ್‌ಗೆ 11 ತಂಡ ಬಂದಿವೆ. ಹೋದ ವರ್ಷ ಚೀಟಿ ಎತ್ತಿದ್ದಕ್ಕೆ ಎರಡು ಗಟ್ಟಿ ತಂಡಗಳು ಮೊದಲ ಸುತ್ತಲ್ಲೇ ಸಿಕ್ಕಿಬಿದ್ದವು. ಈ ಸಲ ಡ್ರಾ ಹೇಗೆ ಮಾಡಲಿ?

11ಕ್ಕಿಂತ ದೊಡ್ಡದಾದ, ಒಂದು ಉಳಿಯುವವರೆಗೂ ಅರ್ಧ ಮಾಡುತ್ತಾ ಹೋಗಬಲ್ಲ ಮೊದಲ ಸಂಖ್ಯೆ 16. ಹಾಗಾಗಿ 16 ಮನೆಗಳ ಪಟ್ಟಿ ಬರೆದುಕೊಳ್ಳಿ. ಐದು ಮನೆ ಖಾಲಿ ಉಳಿಯುತ್ತವೆ, ಅಂದರೆ ಐದು ಬೈ. ಅವೆಲ್ಲ ಮೊದಲ ಸುತ್ತಲ್ಲೇ ಮುಗಿಯಬೇಕು. ಹಾಗೆ ಮಾಡದೆ 11 ತಂಡಗಳನ್ನು ಸುಮ್ಮನೆ ಜೋಡಿ ಮಾಡುತ್ತಾ ಹೋದರೆ ಮೊದಲು ಆರು, ಆಮೇಲೆ ಮೂರು ತಂಡ ಉಳಿದು, ಒಂದು ತಂಡ ಸೆಮಿಫೈನಲ್ ಆಡದೆಯೇ ಫೈನಲ್‌ಗೆ ಹೋಗುತ್ತದೆ. ಜಗಳ ಶುರುವಾಗುವುದೇ ಅಲ್ಲಿ.

ತಂಡಗಳಿಗೆ ಬಲದ ಪ್ರಕಾರ 1ರಿಂದ 11ರವರೆಗೆ ನಂಬರ್ ಕೊಟ್ಟು, ಮೇಲಿಂದ ಕೆಳಗೆ ಹೀಗೆ ಕೂರಿಸಿ:

```
1  - ಬೈ
8  - 9
5  - ಬೈ
4  - ಬೈ
3  - ಬೈ
6  - 11
7  - 10
2  - ಬೈ
```

ಮೇಲಿನ ಎರಡು ಸಾಲಿನಲ್ಲಿ ಗೆದ್ದವರು ಒಂದು ಕ್ವಾರ್ಟರ್‌ಫೈನಲ್, ಮುಂದಿನ ಎರಡು ಸಾಲಿನವರು ಇನ್ನೊಂದು, ಹೀಗೇ ಕೆಳಗಿನವರೆಗೆ. ಮೊದಲ ಸುತ್ತಿಗೆ ಮೂರೇ ಪಂದ್ಯ, ಒಟ್ಟು ಹತ್ತು. ಪಟ್ಟಿ ಸರಿಯಿದೆಯೇ ಎಂದು ನೋಡಲು, ಎಲ್ಲ ಕಡೆ ಚಿಕ್ಕ ನಂಬರಿನ ತಂಡವೇ ಗೆದ್ದಿತು ಅಂದುಕೊಂಡು ಎದುರಾಳಿಗಳ ನಂಬರ್ ಕೂಡಿಸಿ. ಕ್ವಾರ್ಟರ್‌ಫೈನಲ್‌ನಲ್ಲಿ ಪ್ರತಿ ಜೋಡಿಯೂ 9 ಆಗಬೇಕು (1+8, 4+5, 3+6, 2+7), ಸೆಮಿಫೈನಲ್‌ನಲ್ಲಿ 5 (1+4, 3+2). ಎಲ್ಲಾದರೂ ಬೇರೆ ಮೊತ್ತ ಬಂದರೆ ಯಾವುದೋ ತಂಡ ತಪ್ಪು ಜಾಗದಲ್ಲಿ ಕೂತಿದೆ.

ಕಷ್ಟವಿರುವುದು ನಂಬರ್ ಕೊಡುವುದರಲ್ಲಿ. ಹನ್ನೊಂದೂ ತಂಡಗಳ ಬಲ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ಏಳನೆಯದು ಯಾರು, ಎಂಟನೆಯದು ಯಾರು ಎಂದು ಸಮಿತಿ ವಾದಕ್ಕೆ ಕೂತರೆ ರಾತ್ರಿಯೇ ಮುಗಿದುಹೋಗುತ್ತದೆ. ನನ್ನ ಪ್ರಕಾರ ಮೊದಲ ನಾಲ್ಕಕ್ಕೆ ಮಾತ್ರ ಸೀಡಿಂಗ್ ಸಾಕು. ಹೋದ ವರ್ಷದ ಫೈನಲಿಸ್ಟ್‌ಗಳು 1 ಮತ್ತು 2, ಸೆಮಿಫೈನಲ್ ಸೋತವರು 3 ಮತ್ತು 4. ಈ ಕೊನೆಯ ಇಬ್ಬರಲ್ಲಿ ಯಾರು ಯಾವ ಅರ್ಧಕ್ಕೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಟೆನಿಸ್‌ನಲ್ಲೂ ಹಾಗೇ ಮಾಡುತ್ತಾರೆ. ಉಳಿದ ಏಳು ತಂಡಗಳ ಚೀಟಿಯನ್ನು ಒಂದೇ ಡಬ್ಬಿಗೆ ಹಾಕಿ, 5ರಿಂದ 11ರವರೆಗಿನ ಜಾಗಗಳಿಗೆ ಎತ್ತಿ. 5ನೇ ಜಾಗ ಸಿಕ್ಕಿದವರಿಗೆ ಬೈ ಬರುತ್ತದೆ. ಅದನ್ನು ಚೀಟಿ ಎತ್ತುವ ಮುಂಚೆಯೇ ಎಲ್ಲ ಕ್ಯಾಪ್ಟನ್‌ಗಳಿಗೆ ಹೇಳಿಬಿಡಿ. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಒಂದೇ ಊರಿಂದ ಎ, ಬಿ ಎಂದು ಎರಡು ತಂಡ ಬಂದಿದ್ದರೆ ಒಂದನ್ನು ಮೇಲಿನ ಅರ್ಧಕ್ಕೆ, ಇನ್ನೊಂದನ್ನು ಕೆಳಗಿನ ಅರ್ಧಕ್ಕೆ ಹಾಕಿ. ಚೀಟಿಯಲ್ಲಿ ಒಂದೇ ಅರ್ಧಕ್ಕೆ ಬಂದರೆ ಎರಡನೆಯ ಚೀಟಿಯನ್ನು ಇನ್ನೊಂದು ಅರ್ಧದ ಮೊದಲ ಖಾಲಿ ಜಾಗಕ್ಕೆ ಬರೆಯಿರಿ.

ಎಲ್ಲ ಪಂದ್ಯ ಒಂದೇ ರಾತ್ರಿ ಇದ್ದರೆ ಮೊದಲ ಸುತ್ತಿನ ಮೂರೂ ಪಂದ್ಯ ಮುಗಿಸಿ, ಆಮೇಲೆ 4–5ರ ಕ್ವಾರ್ಟರ್‌ಫೈನಲ್ ಆಡಿಸಿ. ಅವರಿಬ್ಬರೂ ಬೈಯಿಂದ ಬಂದವರು, ಅಷ್ಟರಲ್ಲಿ ಮಿಕ್ಕವರಿಗೆ ಉಸಿರು ತಿರುಗಿಸಿಕೊಳ್ಳಲು ಸಮಯ ಸಿಗುತ್ತದೆ. ಡ್ರಾ ಆದಮೇಲೆ ಯಾವುದಾದರೂ ತಂಡ ಬರದಿದ್ದರೆ ಎದುರಾಳಿಗೆ ವಾಕೋವರ್ ಕೊಡಿ, ಪಟ್ಟಿಯನ್ನು ಮತ್ತೆ ಮುಟ್ಟಬೇಡಿ.